ಪ್ಯಾಸ್ಕಲ್ ತ್ರಿಕೋನದ ಒಂದೇ ಸಾಲು ಬೇಕಾದಾಗ: ನಾಲ್ಕು ದಾರಿ, ನನ್ನ ಓಟು ಹಿಂದಿನಿಂದ ತಿದ್ದುವ ಲಿಸ್ಟಿಗೆ

ಪ್ಯಾಸ್ಕಲ್ ತ್ರಿಕೋನದ n ನೇ ಸಾಲು ಮಾತ್ರ ಬೇಕು, ಮೇಲಿನ ಸಾಲುಗಳು ಬೇಡ. ಇದಕ್ಕೆ ನಾಲ್ಕು ಥರ ಬರೆದು ನೋಡಿದ್ದೇನೆ. ಇಡೀ ತ್ರಿಕೋನ ಕಟ್ಟಿ ಕೊನೆಯ ಸಾಲು ಎತ್ತಿಕೊಳ್ಳುವುದು ಒಂದು. ಹಳೇ ಸಾಲು, ಹೊಸ ಸಾಲು ಅಂತ ಎರಡು ಲಿಸ್ಟ್ ಇಟ್ಟುಕೊಳ್ಳುವುದು ಇನ್ನೊಂದು. ಒಂದೇ ಲಿಸ್ಟನ್ನು ಬಲದಿಂದ ಎಡಕ್ಕೆ ತಿದ್ದುತ್ತಾ ಹೋಗುವುದು ಮೂರನೆಯದು. ಗುಣಿಸಿ ಭಾಗಿಸುವ ಫಾರ್ಮುಲಾ ನಾಲ್ಕನೆಯದು. ನಾನು ಬಳಸುವುದು ಮೂರನೆಯದನ್ನೇ. ಉಳಿದ ಮೂರು ಎಲ್ಲಿ ಕೈಕೊಡುತ್ತವೆ, ನನ್ನ ಆಯ್ಕೆ ಎಲ್ಲಿ ತಲೆ ತಿನ್ನುತ್ತದೆ ಅನ್ನುವುದನ್ನು ಬರೆಯುತ್ತೇನೆ. ಸಾಲುಗಳನ್ನು ಸೊನ್ನೆಯಿಂದ ಎಣಿಸಿದ್ದೇನೆ, ಅಂದರೆ 4 ನೇ ಸಾಲು 1 4 6 4 1.

ನನ್ನ ಮೆಚ್ಚಿನ ಕೋಡ್ ಇಷ್ಟೇ:

```python
def row(n):
    r = [1]
    for i in range(1, n + 1):
        r.append(1)
        for j in range(i - 1, 0, -1):
            r[j] += r[j - 1]
    return r
```

ಮೊದಲ ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 1000 ನೇ ಸಾಲಿಗೆ ಬೇಕಾದ ಸಂಖ್ಯೆಗಳು 1,001. ಇಡೀ ತ್ರಿಕೋನ ಇಟ್ಟುಕೊಂಡರೆ 5,01,501. ಮೇಲಿನ ಸಾಲುಗಳನ್ನು ಆಮೇಲೆ ತೋರಿಸುವುದೇ ಇಲ್ಲ ಅಂದಮೇಲೆ ಅವನ್ನೆಲ್ಲ ಹೊತ್ತುಕೊಂಡು ತಿರುಗುವುದು ಯಾಕೆ?

ಎರಡು ಲಿಸ್ಟಿನ ದಾರಿ ಕೆಟ್ಟದ್ದೇನಲ್ಲ. ನಿಜ ಹೇಳಬೇಕೆಂದರೆ ಮೆಮೊರಿಯ ದೊಡ್ಡ ಉಳಿತಾಯ ಆಗುವುದು ಇಲ್ಲೇ. ಐದು ಲಕ್ಷ ಸಂಖ್ಯೆಗಳು ಎರಡು ಸಾವಿರಕ್ಕೆ ಇಳಿಯುತ್ತವೆ. ಅಲ್ಲಿಂದ ಒಂದೇ ಲಿಸ್ಟಿಗೆ ಬಂದರೆ ಆ ಎರಡು ಸಾವಿರ ಒಂದು ಸಾವಿರ ಆಗುತ್ತದೆ, ಅಷ್ಟೇ. ಆದರೂ ಪ್ರತಿ ಸಾಲಿಗೂ ಹೊಸ ಲಿಸ್ಟ್ ಮಾಡಿ ಹಳೆಯದನ್ನು ಬಿಸಾಡುವುದು ನನಗೆ ಹಿಡಿಸುವುದಿಲ್ಲ. ಚಿಕ್ಕ ಮೆಮೊರಿಯ ಸಾಧನಕ್ಕೆ ಕೋಡ್ ಬರೆಯುವಾಗ ಒಂದು ಲಿಸ್ಟಿಗೆ ಜಾಗ ಮೊದಲೇ ತೆಗೆದಿಟ್ಟು, ಕೊನೆಯವರೆಗೂ ಅದರಲ್ಲೇ ಕೆಲಸ ಮುಗಿಸುವುದು ನನಗೆ ರೂಢಿಯಾಗಿಬಿಟ್ಟಿದೆ. ಆ ರೂಢಿ ಇಲ್ಲದವರಿಗೆ ಎರಡು ಲಿಸ್ಟ್ ಸಾಕು. ಅದರಲ್ಲಿ ದಿಕ್ಕಿನ ತಲೆನೋವು ಇಲ್ಲ.

ಒಂದೇ ಲಿಸ್ಟಿನಲ್ಲಿ ಇರುವ ಕಿರಿಕಿರಿ ಆ ದಿಕ್ಕಿನದೇ. ಒಳಗಿನ ಲೂಪ್ ಬಲದಿಂದ ಎಡಕ್ಕೆ ಯಾಕೆ ಬರಬೇಕು? ಹೊಸ ಸಾಲಿನ j ನೇ ಮನೆಗೆ ಬೇಕಾಗುವುದು ಹಳೇ ಸಾಲಿನ ಎರಡು ಸಂಖ್ಯೆಗಳು: ಅದೇ ಮನೆಯದು, ಮತ್ತು ಎಡಗಡೆ ಮನೆಯದು. ಬಲಗಡೆಯದು ಬೇಕಾಗುವುದಿಲ್ಲ. ಬಲದಿಂದ ಹೊರಟರೆ, ಒಂದು ಮನೆಯನ್ನು ತಿದ್ದುವ ಹೊತ್ತಿಗೆ ಅದರ ಎಡಗಡೆಯದು ಇನ್ನೂ ಹಳೆಯದೇ ಆಗಿರುತ್ತದೆ. ನೆಲ ಒರೆಸುವವರು ಬಾಗಿಲ ಕಡೆಗೆ ಹಿಂದೆ ಹಿಂದೆ ಸರಿಯುತ್ತಾರಲ್ಲ, ಅದೇ ಲೆಕ್ಕ. ಒರೆಸಿದ ಜಾಗಕ್ಕೆ ಮತ್ತೆ ಕಾಲಿಡಬಾರದು.

3 ನೇ ಸಾಲಿನಿಂದ 4 ನೇ ಸಾಲಿಗೆ ಹೋಗುವುದನ್ನು ಬಿಡಿಸಿ ನೋಡೋಣ. ಲಿಸ್ಟಿನಲ್ಲಿ 1 3 3 1 ಇದೆ. ಕೊನೆಗೆ ಒಂದು 1 ಸೇರಿಸಿದರೆ 1 3 3 1 1. ಈಗ j = 3: ಅಲ್ಲಿರುವ 1 ಕ್ಕೆ ಎಡಗಡೆಯ 3 ಕೂಡಿ 4. ಲಿಸ್ಟ್ 1 3 3 4 1. ಮುಂದೆ j = 2: 3 ಕ್ಕೆ 3 ಕೂಡಿ 6. ಲಿಸ್ಟ್ 1 3 6 4 1. ಕೊನೆಗೆ j = 1: 3 ಕ್ಕೆ 1 ಕೂಡಿ 4. ಬಂತು, 1 4 6 4 1. ಮಧ್ಯದಲ್ಲಿ ನಿಲ್ಲಿಸಿ ನೋಡಿದರೆ ಲಿಸ್ಟಿನ ಬಲಭಾಗ ಹೊಸ ಸಾಲು, ಎಡಭಾಗ ಹಳೇ ಸಾಲು. ಎರಡೂ ಒಂದೇ ಜಾಗದಲ್ಲಿ ಕೂತಿರುತ್ತವೆ, ಒಂದರ ಕಾಲು ಇನ್ನೊಂದು ತುಳಿಯುವುದಿಲ್ಲ.

ಈಗ ಇದೇ ಕೋಡಿನಲ್ಲಿ ಒಳಗಿನ ಲೂಪನ್ನು `range(1, i)` ಅಂತ ಎಡದಿಂದ ಓಡಿಸಿ. ಏನೂ ಎರರ್ ಬರುವುದಿಲ್ಲ. 0, 1, 2 ನೇ ಸಾಲುಗಳು ಸರಿಯಾಗಿಯೇ ಬರುತ್ತವೆ. ಇದೇ ನೋಡಿ ಮೋಸ. ಎರಡನೇ ಸಾಲಿನವರೆಗೆ ತಿದ್ದುವುದಕ್ಕೆ ಇರುವುದು ಒಂದೇ ಮನೆ, ಹಾಗಾಗಿ ಯಾವ ಕಡೆಯಿಂದ ಬಂದರೂ ಒಂದೇ. ಚಿಕ್ಕ ಸಾಲಿನಲ್ಲಿ ಪರೀಕ್ಷೆ ಮಾಡಿ ಸುಮ್ಮನಾದವರಿಗೆ ಇದು ಗೊತ್ತಾಗುವುದೇ ಇಲ್ಲ. ಮೂರನೇ ಸಾಲಿಗೆ 1 2 1 1 ಇಟ್ಟುಕೊಂಡು ಹೊರಟರೆ, ಮೊದಲು 2 ಹೋಗಿ 3 ಆಗುತ್ತದೆ. ಮುಂದಿನ ಮನೆಗೆ ಹಳೆಯ 2 ಬೇಕಿತ್ತು, ಆದರೆ ಅಲ್ಲಿ ಈಗ ಇರುವುದು 3. ಹಾಗಾಗಿ 1 + 3 ಆಗಿ 4 ಬರುತ್ತದೆ. ಸಾಲು 1 3 4 1. ನಾಲ್ಕನೆಯದು 1 4 8 9 1. ಎರಡೂ ತುದಿಯಲ್ಲಿ 1 ಇದೆ, ಎರಡನೇ ಸಂಖ್ಯೆ ಕೂಡ ಸರಿ ಇದೆ, ಕಣ್ಣಾಡಿಸಿದರೆ ಅನುಮಾನ ಬರುವುದಿಲ್ಲ.

ಹಿಡಿಯುವುದು ಸುಲಭ. n ನೇ ಸಾಲನ್ನು ಕೂಡಿದರೆ 2ⁿ ಬರಬೇಕು. 1 4 8 9 1 ಕೂಡಿದರೆ 23, ಬರಬೇಕಾದದ್ದು 16. ಜೊತೆಗೆ ಸಾಲನ್ನು ತಿರುಗಿಸಿ ಓದಿದರೂ ಅದೇ ಇರಬೇಕು. ನಾನು ಈ ಎರಡು ಪರೀಕ್ಷೆಗಳನ್ನು 5 ನೇ ಸಾಲಿನ ಮೇಲೆ ಓಡಿಸುತ್ತೇನೆ. ಅದಕ್ಕಿಂತ ಚಿಕ್ಕದರ ಮೇಲೆ ನಂಬಿಕೆ ಇಲ್ಲ.

ಎಡದಿಂದ ಹೋದಾಗ ಬರುವುದು ಬರೀ ಕಸ ಅಂದುಕೊಳ್ಳಬೇಡಿ. ಐದು ಮನೆಯ ಲಿಸ್ಟ್ ತೆಗೆದುಕೊಳ್ಳಿ, 1 0 0 0 0. ಪೂರ್ತಿ ಉದ್ದಕ್ಕೂ ಬಲದಿಂದ ಎಡಕ್ಕೆ ನಾಲ್ಕು ಸಲ ಓಡಿಸಿದರೆ 1 4 6 4 1. ಎಡದಿಂದ ಬಲಕ್ಕೆ ನಾಲ್ಕು ಸಲ ಓಡಿಸಿದರೆ 1 4 10 20 35. ಈ ಎರಡನೆಯದಕ್ಕೂ ಅರ್ಥವಿದೆ. ಪ್ರತಿ ಓಟವೂ ಒಂದು ಹೊಸ ವಸ್ತುವನ್ನು ಸೇರಿಸಿದಂತೆ. ಬಲದಿಂದ ಬಂದರೆ ಆ ವಸ್ತುವನ್ನು ಒಂದು ಸಲ ಮಾತ್ರ ಆರಿಸಬಹುದು. ನಾಲ್ಕರಲ್ಲಿ ಎರಡನ್ನು ಆರಿಸುವ ಬಗೆಗಳು 6. ಎಡದಿಂದ ಹೋದರೆ, ಈಗಷ್ಟೇ ತಿದ್ದಿದ ಮನೆಯನ್ನೇ ಮತ್ತೆ ಬಳಸುವುದರಿಂದ, ಅದೇ ವಸ್ತುವನ್ನು ಎಷ್ಟು ಸಲ ಬೇಕಾದರೂ ಆರಿಸಿದ ಲೆಕ್ಕ ಬರುತ್ತದೆ. ಒಂದನ್ನೇ ಎರಡು ಸಲ ಎತ್ತಬಹುದು ಅಂದರೆ ನಾಲ್ಕರಲ್ಲಿ ಎರಡನ್ನು ಆರಿಸುವ ಬಗೆಗಳು 10. ನ್ಯಾಪ್‌ಸ್ಯಾಕ್ ಲೆಕ್ಕ ಮಾಡಿದವರಿಗೆ ಇದು ಹಳೇ ಪರಿಚಯ. ಅಲ್ಲೂ ಒಂದು ವಸ್ತು ಒಂದೇ ಸಲ ಅಂದರೆ ಹಿಂದಿನಿಂದ, ಎಷ್ಟು ಸಲ ಬೇಕಾದರೂ ಅಂದರೆ ಮುಂದಿನಿಂದ. ಇದು ತಲೆಗೆ ಹೋದಮೇಲೆ ದಿಕ್ಕನ್ನು ಬಾಯಿಪಾಠ ಮಾಡುವ ಅಗತ್ಯ ನನಗಂತೂ ಬಿದ್ದಿಲ್ಲ.

ಎಡದಿಂದಲೇ ಹೋಗುತ್ತೇನೆ ಅನ್ನುವವರು ಹಳೇ ಸಂಖ್ಯೆಯನ್ನು ಒಂದು ತಾತ್ಕಾಲಿಕ ವೇರಿಯಬಲ್‌ನಲ್ಲಿ ಇಟ್ಟುಕೊಂಡು ಹೋಗಬಹುದು. ಸರಿಯಾಗಿಯೇ ಬರುತ್ತದೆ. ಆದರೆ ಒಂದು ಸಾಲಿನ ಕೆಲಸ ಮೂರು ಸಾಲಾಗುತ್ತದೆ, ಅಷ್ಟಕ್ಕೆ ಬಲದಿಂದ ಬಂದುಬಿಡುವುದೇ ವಾಸಿ ಅಲ್ವಾ?

ಲೂಪ್ ಎಲ್ಲಿ ನಿಲ್ಲಬೇಕು ಅನ್ನುವುದನ್ನೂ ನೋಡಿಕೊಳ್ಳಿ. j = 1 ಕ್ಕೆ ನಿಲ್ಲಬೇಕು. ಹಿಂದಕ್ಕೆ ಎಣಿಸುವಾಗ ಕೈ ತಾನಾಗಿಯೇ `range(i - 1, -1, -1)` ಅಂತ ಬರೆದುಬಿಡುತ್ತದೆ. ಆಗ j = 0 ಆದಾಗ `r[-1]` ಓದಬೇಕಾಗುತ್ತದೆ, ಪೈಥಾನಿನಲ್ಲಿ ಅದು ಲಿಸ್ಟಿನ ಕೊನೆಯ ಮನೆ. ಎರರ್ ಇಲ್ಲದೆ 1 ನೇ ಸಾಲು 2 1 ಆಗಿ ಬರುತ್ತದೆ. ಸಿ ಪ್ಲಸ್ ಪ್ಲಸ್‌ನಲ್ಲಿ `size_t j` ಇಟ್ಟು `j >= 0` ಅಂತ ಬರೆದರೆ ಆ ಷರತ್ತು ಯಾವತ್ತೂ ಸುಳ್ಳಾಗುವುದಿಲ್ಲ, `j > 0` ಅಂತಲೇ ಬರೆಯಿರಿ.

ಇನ್ನು ಫಾರ್ಮುಲಾ. ನೋಡೋಕೆ ಇದೇ ಎಲ್ಲಕ್ಕಿಂತ ಚೆಂದ:

```python
r[k] = r[k - 1] * (n - k + 1) // k
```

ಒಂದೇ ಓಟ, ಮೇಲಿನ ಸಾಲುಗಳ ಗೊಡವೆಯೇ ಇಲ್ಲ. 1000 ನೇ ಸಾಲಿಗೆ ನನ್ನ ದಾರಿಯಲ್ಲಿ 4,99,500 ಕೂಡಿಕೆಗಳು, ಇಲ್ಲಿ ಸಾವಿರ ಗುಣಾಕಾರ, ಸಾವಿರ ಭಾಗಾಕಾರ. ಹಾಗಿದ್ದರೂ ನಾನು ಇದನ್ನು ಮೊದಲ ಆಯ್ಕೆ ಮಾಡಿಕೊಂಡಿಲ್ಲ. ಕಾರಣ 30 ನೇ ಸಾಲು.

ಜಾವಾದ ಸಾಮಾನ್ಯ `int` ಹಿಡಿಯುವ ದೊಡ್ಡ ಸಂಖ್ಯೆ 2147483647. 30 ನೇ ಸಾಲಿನ ನಡುವಿನ ಸಂಖ್ಯೆ 155117520, ಆರಾಮವಾಗಿ ಹಿಡಿಸುತ್ತದೆ. ಆದರೆ ಫಾರ್ಮುಲಾ ಅಲ್ಲಿಗೆ ತಲುಪಲು ಮೊದಲು 145422675 ನ್ನು 16 ರಿಂದ ಗುಣಿಸಬೇಕು. ಅದು 2326762800, ಮಿತಿ ದಾಟಿತು. ಜಾವಾ ಚಕಾರ ಎತ್ತದೆ ಸಂಖ್ಯೆಯನ್ನು ಸುತ್ತಿಸಿ ಮೈನಸ್ ಮಾಡುತ್ತದೆ. 15 ರಿಂದ ಭಾಗಿಸಿದ ಮೇಲೆ ಕೈಗೆ ಸಿಗುವುದು -131213633. ಅಲ್ಲಿಂದ ಮುಂದಿನದ್ದೆಲ್ಲ ಇದರ ಮೇಲೆಯೇ ಕಟ್ಟುವುದರಿಂದ ಉಳಿದ ಅರ್ಧ ಸಾಲನ್ನು ನಂಬುವ ಹಾಗಿಲ್ಲ. ಕೂಡುವ ದಾರಿಯಲ್ಲಿ ಈ ಕಾಟ ಇಲ್ಲ. ಅಲ್ಲಿ ನಡುವೆ ಬರುವ ಯಾವ ಸಂಖ್ಯೆಯೂ ಕೊನೆಯ ಉತ್ತರದ ದೊಡ್ಡ ಸಂಖ್ಯೆಯನ್ನು ಮೀರುವುದಿಲ್ಲ. ಅದಕ್ಕೇ ಅದೇ `int` ನಲ್ಲಿ 33 ನೇ ಸಾಲಿನವರೆಗೂ ಸರಿಯಾದ ಉತ್ತರ ಸಿಗುತ್ತದೆ. 34 ರಲ್ಲಿ ಉತ್ತರವೇ ಹಿಡಿಸುವುದಿಲ್ಲ, ಅದಕ್ಕೆ ಯಾರೂ ಏನೂ ಮಾಡುವ ಹಾಗಿಲ್ಲ. 64 ಬಿಟ್‌ಗೆ ಹೋದರೂ ಇದೇ ಕಥೆ: ಫಾರ್ಮುಲಾ 62 ರಲ್ಲಿ ಮುಗ್ಗರಿಸುತ್ತದೆ, ಕೂಡುವ ದಾರಿ 66 ರವರೆಗೆ ನಡೆಯುತ್ತದೆ.

ಭಾಗಾಕಾರ ಇರುವುದರಿಂದ ಇನ್ನೊಂದು ತೊಡಕೂ ಇದೆ. ಉತ್ತರಗಳನ್ನು 1000000007 ರಿಂದ ಭಾಗಿಸಿ ಶೇಷ ಮಾತ್ರ ಕೊಡಿ ಅಂತ ಕೇಳಿದರೆ, ಕೂಡುವ ಕೋಡಿನಲ್ಲಿ ಪ್ರತಿ ಕೂಡಿಕೆಯ ಮುಂದೆ `%` ಹಾಕಿದರೆ ಮುಗಿಯಿತು. ಫಾರ್ಮುಲಾದಲ್ಲಿ ಶೇಷವನ್ನು k ಯಿಂದ ನೇರವಾಗಿ ಭಾಗಿಸುವ ಹಾಗಿಲ್ಲ, ವಿಲೋಮ ಹುಡುಕಬೇಕು. ಶೇಷ 10 ರಿಂದ ಬೇಕು ಅಂದರೆ 2 ಕ್ಕೂ 5 ಕ್ಕೂ ವಿಲೋಮವೇ ಇಲ್ಲ.

ನನ್ನ ಕೆಲಸದಲ್ಲಿ n ನೂರು ದಾಟುವುದು ಕಡಿಮೆ, ಸಂಖ್ಯೆಗಳಿಗೆ ಬಿಟ್‌ಗಳ ಮಿತಿ ಇರುತ್ತದೆ, ಶೇಷ ಕೇಳುವುದು ಜಾಸ್ತಿ. ಹಾಗಾಗಿ ಹಿಂದಿನಿಂದ ತಿದ್ದುವ ಲಿಸ್ಟೇ ನನಗೆ ಒಗ್ಗಿದೆ. ಆದರೆ ಪೈಥಾನಿನಲ್ಲಿ 10000 ನೇ ಸಾಲು ಬೇಕು, ಶೇಷ ಬೇಡ, ಪೂರ್ತಿ ಸಂಖ್ಯೆಯೇ ಬೇಕು ಅಂದರೆ ನಾನೂ ಫಾರ್ಮುಲಾ ಕಡೆಗೇ ಹೋಗುತ್ತೇನೆ. ಅಲ್ಲಿ ಸಂಖ್ಯೆಗೆ ಮಿತಿಯಿಲ್ಲ, ಓವರ್‌ಫ್ಲೋ ಭಯವಿಲ್ಲ. ನನ್ನ ಲಿಸ್ಟಿಗೆ ಸುಮಾರು ಐದು ಕೋಟಿ ಕೂಡಿಕೆಗಳು ಬೀಳುತ್ತವೆ, ಅದೂ ಸಾವಿರಾರು ಅಂಕಿಗಳ ಸಂಖ್ಯೆಗಳನ್ನು ಕೂಡಬೇಕು. ಫಾರ್ಮುಲಾದಲ್ಲಿ ಅರ್ಧ ಸಾಲು ಲೆಕ್ಕ ಹಾಕಿ ಉಳಿದರ್ಧವನ್ನು ಕನ್ನಡಿಯ ಹಾಗೆ ನಕಲು ಮಾಡಿದರೆ ಐದು ಸಾವಿರ ಹೆಜ್ಜೆಗೆ ಮುಗಿಯುತ್ತದೆ. `/` ಬದಲು `//` ಹಾಕಿದ್ದೀರಾ ಅಂತ ಮಾತ್ರ ಒಮ್ಮೆ ನೋಡಿಕೊಳ್ಳಿ, ಇಲ್ಲದಿದ್ದರೆ ಸಂಖ್ಯೆಗಳು ದೊಡ್ಡದಾಗುತ್ತಿದ್ದಂತೆ ಕೊನೆಯ ಅಂಕಿಗಳು ಸವೆದುಹೋಗುತ್ತವೆ.