ಸಾವಿರದ ಕೂಪನ್‌ನಲ್ಲಿ ನನಗೆ ಸಿಕ್ಕಿದ್ದು ಎಂಟುನೂರು

ಬೆಲೆ 10,000. ಅದರ ಮೇಲೆ ಶೇ. 20 ರಿಯಾಯಿತಿ, ಕೈಯಲ್ಲಿ 1,000ದ ಕೂಪನ್, ತೆರಿಗೆ ಶೇ. 10. ಮನೆಯಲ್ಲೇ ಲೆಕ್ಕ ಹಾಕಿಕೊಂಡು ಹೋಗಿದ್ದೆ. ರಿಯಾಯಿತಿ ಕಳೆದರೆ 8,000, ಕೂಪನ್ ಕಳೆದರೆ 7,000, ತೆರಿಗೆ ಸೇರಿದರೆ 7,700. ಆದರೆ ಬಿಲ್ ಬಂದಿದ್ದು 8,000ಕ್ಕೆ!

ಬಿಲ್ಲಿನಲ್ಲಿ ಮೊದಲು ತೆರಿಗೆ ಸೇರಿಸಿದ್ದರು. ಸಿಟ್ಟು ಬಂತು. "ರಿಯಾಯಿತಿ ಕಳೆಯುವ ಮೊದಲೇ ತೆರಿಗೆ ಹಾಕಿದ್ದೀರಿ, ಅದಕ್ಕೇ ಜಾಸ್ತಿ ಆಗಿದೆ" ಎಂದು ಜಗಳಕ್ಕೆ ನಿಂತೆ. ಕೌಂಟರಿನವರು ಕ್ಯಾಲ್ಕುಲೇಟರ್ ನನ್ನ ಕಡೆ ತಿರುಗಿಸಿದರು. 10,000ಕ್ಕೆ ರಿಯಾಯಿತಿ ಕಳೆದು ತೆರಿಗೆ ಸೇರಿಸಿದರೆ 8,800. ತೆರಿಗೆ ಸೇರಿಸಿ ರಿಯಾಯಿತಿ ಕಳೆದರೂ 8,800. ಶೇಕಡಾ ಲೆಕ್ಕ ಅಂದರೆ ಗುಣಾಕಾರ, ಯಾವುದನ್ನು ಮೊದಲು ಮಾಡಿದರೂ ಒಂದೇ. ನಾನು ಬಾಯಿ ಮುಚ್ಚಿಕೊಂಡು ದುಡ್ಡು ಕೊಟ್ಟು ಬಂದೆ.

ಮನೆಗೆ ಬಂದ ಮೇಲೆ ಹೊಳೆಯಿತು. ಜಗಳ ಆಡಬೇಕಾಗಿದ್ದು ಕೂಪನ್ ಬಗ್ಗೆ. ಅವರ ಸಾಲು ಹೀಗಿತ್ತು: 10,000, ತೆರಿಗೆ ಸೇರಿ 11,000, ಕೂಪನ್ ಕಳೆದು 10,000, ಕೊನೆಗೆ ಶೇ. 20 ರಿಯಾಯಿತಿ ಕಳೆದು 8,000.

ಕೂಪನ್ ಇಲ್ಲದಿದ್ದರೆ 8,800 ಆಗುತ್ತಿತ್ತು ಅಲ್ವಾ? ಅಂದರೆ ನನ್ನ ಸಾವಿರದ ಕೂಪನ್ ಉಳಿಸಿದ್ದು ಬರೀ 800. ಕೂಪನ್ ಕಳೆದ ಮೇಲೆ ಯಾವ ಯಾವ ಶೇಕಡಾ ಲೆಕ್ಕ ಬರುತ್ತದೋ ಅದೆಲ್ಲ ಕೂಪನ್ನಿನ ಮೇಲೂ ಬೀಳುತ್ತದೆ. ಆಮೇಲೆ ರಿಯಾಯಿತಿ ಬಂದರೆ ಕೂಪನ್ನೂ ಶೇ. 20 ಕುಗ್ಗಿ 800 ಆಗುತ್ತದೆ. ಆಮೇಲೆ ತೆರಿಗೆ ಮಾತ್ರ ಬಂದರೆ ಶೇ. 10 ಹಿಗ್ಗಿ 1,100 ಆಗುತ್ತದೆ. ಎರಡೂ ಬಂದರೆ 880. ಕೂಪನ್ ಕಟ್ಟಕಡೆಗೆ ಬಂದರೆ ಮಾತ್ರ ಸರಿಯಾಗಿ 1,000, ಬಿಲ್ 7,800.

ಆದ್ದರಿಂದ ಎಲ್ಲ ಕಡೆಯೂ 7,700 ಸಿಗುತ್ತದೆ ಅಂತ ಹಟ ಹಿಡಿಯಬೇಡಿ. ಕೂಪನ್ ಕೊಟ್ಟವರು ಅಂಗಡಿಯವರಲ್ಲ, ಬೇರೆಯವರು ಎಂದಿದ್ದರೆ ಅದನ್ನು ದುಡ್ಡು ಕೊಟ್ಟ ಹಾಗೆ ಎಣಿಸಿ, ಪೂರ್ತಿ 8,000ಕ್ಕೆ ತೆರಿಗೆ ಹಾಕುವ ಪದ್ಧತಿ ಹಲವು ಕಡೆ ಇದೆ. ಅಲ್ಲಿ 7,800 ಸರಿಯಾದ ಲೆಕ್ಕವೇ. ಆದರೆ ಮುಖಬೆಲೆಗಿಂತ ಕಡಿಮೆ ಉಳಿದಿದ್ದರೆ ಕೂಪನ್ ರಿಯಾಯಿತಿಗಿಂತ ಮೊದಲು ಹೋಗಿದೆ ಎಂದೇ ಅರ್ಥ.

ಶೇಕಡಾ ಕೂಪನ್‌ಗೆ ಈ ತಾಪತ್ರಯ ಇಲ್ಲ. ಶೇ. 20 ಮತ್ತು ಶೇ. 10 ಸೇರಿದರೆ 30 ಅಲ್ಲ, 28 ಅನ್ನುವುದು ನೆನಪಿದ್ದರೆ ಸಾಕು. ಆದರೆ "ಶೇ. 10, ಗರಿಷ್ಠ 500" ಅಂತ ಇದ್ದರೆ ಹುಷಾರು. ಮಿತಿ ಮುಟ್ಟಿದ ಕೂಡಲೇ ಅದೂ 500ರ ಕೂಪನ್ನೇ, ಇದೇ ಆಟ ಶುರು.

ಈಗ ನಾನು ದುಡ್ಡು ಕೊಡುವ ಮೊದಲು ಕೂಪನ್ ಹಾಕದೆ ಒಮ್ಮೆ, ಹಾಕಿ ಒಮ್ಮೆ ಒಟ್ಟು ಮೊತ್ತ ನೋಡುತ್ತೇನೆ. ವ್ಯತ್ಯಾಸ ಮುಖಬೆಲೆಗಿಂತ ಕಡಿಮೆ ಇದ್ದರೆ ಕೇಳುವುದು ಒಂದೇ ಪ್ರಶ್ನೆ: "ಕೂಪನ್ ಯಾವ ಸಾಲಿನಲ್ಲಿ ಕಳೆದಿರಿ?"