ಬಾಕಿ ಪಾರ್ಸೆಲ್: ಮೊದಲು ಪಟ್ಟಿಯೋ, ರ‍್ಯಾಕೋ?

ವಿಜಯಪುರದಲ್ಲಿ ಇಬ್ಬರೇ ನಡೆಸುವ ಕೊರಿಯರ್ ಆಫೀಸಿಗೆ ಬೆಳಗ್ಗೆ ಎರಡು ದಾರಿ ಇವೆ. ಕಂಪ್ಯೂಟರಿನ ಪೆಂಡಿಂಗ್ ಪಟ್ಟಿ ನೋಡಿ ಎಲ್ಲರಿಗೂ ಮೆಸೇಜ್ ಕಳಿಸಿದರೆ ಬೇಗ ಮುಗಿಯುತ್ತದೆ. ಆದರೆ ಪಟ್ಟಿಗೆ ಗೊತ್ತಿರುವುದು ಕೊನೆಯ ಸ್ಕ್ಯಾನ್ ಮಾತ್ರ.

ಮೊದಲು ರ‍್ಯಾಕ್‌ನಲ್ಲಿರುವುದನ್ನೆಲ್ಲ ಸ್ಕ್ಯಾನ್ ಮಾಡಿ, ಆಮೇಲೆ ಪಟ್ಟಿಗೆ ಹೋಲಿಸುವುದಕ್ಕೆ ಸಮಯ ಜಾಸ್ತಿ ಬೇಕು. ಆದರೂ ನನ್ನ ಮತ ಇದಕ್ಕೇ. ಪಟ್ಟಿಯಲ್ಲಿದ್ದು ರ‍್ಯಾಕ್‌ನಲ್ಲಿ ಇಲ್ಲದ ಪಾರ್ಸೆಲ್ ಆಗಲೇ ಗೊತ್ತಾಗುತ್ತದೆ. ಅದನ್ನು ಹಿಂದಿನ ದಿನದ ಡೆಲಿವರಿ ಹುಡುಗನ ಚೀಲದಲ್ಲಿ ಮೊದಲು ಹುಡುಕಿ. ರ‍್ಯಾಕ್‌ನಲ್ಲಿದ್ದು ಪಟ್ಟಿಯಲ್ಲಿ ಇಲ್ಲದ್ದು ಇನ್ನೂ ಅಪಾಯ. ‘ಡೆಲಿವರ್ಡ್’ ಎಂದು ತಪ್ಪಾಗಿ ಒತ್ತಿದ್ದು ಪೆಂಡಿಂಗ್‌ನಲ್ಲಿ ಕಾಣುವುದೇ ಇಲ್ಲ, ಅಲ್ವಾ?

ಮೆಸೇಜಿನಲ್ಲೂ ಇದೇ ವ್ಯತ್ಯಾಸ. ಜಲನಗರದ ಮನೆಗೆ ನಿನ್ನೆ ಬೀಗ ಇತ್ತು ಎನ್ನಿ. ‘ನಿಮ್ಮ ಪಾರ್ಸೆಲ್ ಇಂದು ಬರುತ್ತದೆ’ ಎಂದರೆ ಇಂದೂ ಬೀಗವೇ ಸಿಗಬಹುದು. ಹೀಗೆ ಬರೆಯಿರಿ:

“ನಮಸ್ಕಾರ ರೀ. ಕೊನೆಯ ಅಂಕಿ 4417 ಇರುವ ಪಾರ್ಸೆಲ್ ನಮ್ಮ ಆಫೀಸಿನಲ್ಲಿದೆ. ನಿನ್ನೆ ಮನೆಗೆ ಬೀಗ ಇತ್ತು. ಇಂದು ಸಂಜೆ 4ರ ನಂತರ ಇರ್ತೀರಾ? ಕೊಡಬೇಕಾದ ಹಣ 640 ರೂಪಾಯಿ.”

ಪಾರ್ಸೆಲ್ ಕೈಗೇ ಸಿಕ್ಕಿಲ್ಲದಿದ್ದರೆ ಸಮಯ ಹೇಳಬೇಡಿ. ‘ಹುಡುಕುತ್ತಿದ್ದೇವೆ, ಮಧ್ಯಾಹ್ನ 1ರೊಳಗೆ ತಿಳಿಸುತ್ತೇವೆ’ ಎನ್ನಿ, ಸಿಗದಿದ್ದರೂ 1ಕ್ಕೆ ಫೋನ್ ಮಾಡಿ.