ನಾಲ್ಕನೆಯ ಬಿಪಿ ಮಾತ್ರೆ: ಗಂಡಸರಿಗೆ ಸ್ಪೈರೊನೊಲ್ಯಾಕ್ಟೋನ್, ಎಪ್ಲೆರೆನೋನ್, ಅಮಿಲೋರೈಡ್ ಹೋಲಿಕೆ

ಟೆಲ್ಮಿಸಾರ್ಟಾನ್, ಆಮ್ಲೋಡಿಪಿನ್, ಕ್ಲೋರ್ಥಾಲಿಡೋನ್ ಮೂರೂ ನಡೆಯುತ್ತಿವೆ, ಒಂದು ದಿನವೂ ತಪ್ಪಿಲ್ಲ, ಆದರೂ ಮನೆಯಲ್ಲಿ ಅಳೆದ ಬಿಪಿ 150ರಿಂದ ಕೆಳಗಿಳಿಯುತ್ತಿಲ್ಲ. ಆಗ ನಾಲ್ಕನೆಯದಾಗಿ ಬರುವುದು ಸಾಮಾನ್ಯವಾಗಿ ಸ್ಪೈರೊನೊಲ್ಯಾಕ್ಟೋನ್ 25 ಮಿಲಿಗ್ರಾಂ. ಈ ಆಯ್ಕೆಗೆ ಗಟ್ಟಿ ಆಧಾರವಿದೆ. 2015ರಲ್ಲಿ ಪ್ರಕಟವಾದ ಬ್ರಿಟನ್ನಿನ ಪಾತ್‌ವೇ-2 ಅಧ್ಯಯನದಲ್ಲಿ ಅದೇ ರೋಗಿಗಳಿಗೆ ಸ್ಪೈರೊನೊಲ್ಯಾಕ್ಟೋನ್, ಬಿಸೊಪ್ರೊಲಾಲ್, ಡಾಕ್ಸಜೋಸಿನ್ ಮತ್ತು ಔಷಧವಿಲ್ಲದ ಹುಸಿ ಮಾತ್ರೆಯನ್ನು ಸರದಿಯ ಮೇಲೆ 12 ವಾರ ಕೊಟ್ಟು ನೋಡಿದರು. ಹುಸಿ ಮಾತ್ರೆಗಿಂತ ಸ್ಪೈರೊನೊಲ್ಯಾಕ್ಟೋನ್ ಮೇಲಿನ ಬಿಪಿಯನ್ನು 8.7ರಷ್ಟು ಹೆಚ್ಚು ಇಳಿಸಿತು. ಉಳಿದೆರಡರಿಂದ ಸಿಕ್ಕಿದ್ದು ಸುಮಾರು ಅದರ ಅರ್ಧ.

ಬಿಪಿ ಇಳಿಸುವುದರಲ್ಲಿ ಅದು ಮುಂದು, ಸರಿ. ಆದರೆ ಗಂಡಸರಿಗೆ ಅದರ ಜೊತೆ ಎರಡು ತೊಂದರೆಗಳು ಬರುತ್ತವೆ: ರಕ್ತದಲ್ಲಿ ಪೊಟ್ಯಾಸಿಯಂ ಏರುವುದು, ಮೊಲೆತೊಟ್ಟಿನ ಹಿಂದೆ ನೋವು ಬರುವುದು. ಈ ಎರಡೂ ಒಂದೇ ಬೇರಿನಿಂದ ಬಂದವಲ್ಲ. ಮಾತ್ರೆ ಬದಲಿಸುವಾಗ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಇದನ್ನು ಮರೆತದ್ದರಿಂದಲೇ ಆಗುವಂಥವು.

ಪೊಟ್ಯಾಸಿಯಂ ಏಕೆ ಏರುತ್ತದೆ ನೋಡೋಣ. ಆಲ್ಡೋಸ್ಟಿರೋನ್ ಎಂಬ ಹಾರ್ಮೋನು ಮೂತ್ರಪಿಂಡದ ನಾಳದ ಕೊನೆಯ ಭಾಗದಲ್ಲಿ ಸೋಡಿಯಂ ಅನ್ನು ಒಳಗೆಳೆದುಕೊಂಡು ಪೊಟ್ಯಾಸಿಯಂ ಅನ್ನು ಮೂತ್ರಕ್ಕೆ ತಳ್ಳಿಸುತ್ತದೆ. ಸ್ಪೈರೊನೊಲ್ಯಾಕ್ಟೋನ್ ಈ ಹಾರ್ಮೋನು ಕೂರುವ ಜಾಗದಲ್ಲಿ ತಾನು ಕೂತುಬಿಡುತ್ತದೆ. ಸೋಡಿಯಂ ಹೊರಗೆ ಹೋಗಿ ಬಿಪಿ ಇಳಿಯುತ್ತದೆ, ಪೊಟ್ಯಾಸಿಯಂ ಒಳಗೆ ಉಳಿಯುತ್ತದೆ. ಅಂದರೆ ನಮಗೆ ಬೇಕಾದ ಪರಿಣಾಮವೂ ಬೇಡದ ಪರಿಣಾಮವೂ ಒಂದೇ ಕೆಲಸದ ಎರಡು ಮುಖ. ಮೊದಲೇ ನಡೆಯುತ್ತಿರುವ ಟೆಲ್ಮಿಸಾರ್ಟಾನ್ ಕೂಡ ಆಲ್ಡೋಸ್ಟಿರೋನನ್ನು ತಗ್ಗಿಸುವುದರಿಂದ ಏರಿಕೆ ಇನ್ನೂ ಸುಲಭವಾಗುತ್ತದೆ. ಕ್ಲೋರ್ಥಾಲಿಡೋನ್ ಪೊಟ್ಯಾಸಿಯಂ ಕಳೆಯುವುದರಿಂದ ಒಂದಿಷ್ಟು ಸರಿದೂಗಿಸುತ್ತದೆ.

ಮೊಲೆ ನೋವಿನ ಕಾರಣ ಬೇರೆ. ಸ್ಪೈರೊನೊಲ್ಯಾಕ್ಟೋನಿನ ರಾಸಾಯನಿಕ ರೂಪ ಲೈಂಗಿಕ ಹಾರ್ಮೋನುಗಳಿಗೆ ಹತ್ತಿರದ್ದು. ಹಾಗಾಗಿ ಟೆಸ್ಟೊಸ್ಟಿರೋನಿನ ಕೆಲಸಕ್ಕೂ ಅದು ಅಡ್ಡ ಬರುತ್ತದೆ, ಈಸ್ಟ್ರೊಜೆನ್ನಿನ ಕೈ ಮೇಲಾಗುತ್ತದೆ, ಮೊಲೆತೊಟ್ಟಿನ ಹಿಂದಿನ ಗ್ರಂಥಿ ಬೆಳೆಯತೊಡಗುತ್ತದೆ. ಹೃದಯ ವೈಫಲ್ಯದ ರೋಗಿಗಳ ಮೇಲೆ ನಡೆದ 1999ರ ರೇಲ್ಸ್ ಅಧ್ಯಯನದಲ್ಲಿ ದಿನಕ್ಕೆ ಸರಾಸರಿ 26 ಮಿಲಿಗ್ರಾಂ ತೆಗೆದುಕೊಂಡ ಗಂಡಸರಲ್ಲಿ ನೂರಕ್ಕೆ 10 ಮಂದಿಗೆ ಮೊಲೆ ಊತವೋ ನೋವೋ ಬಂತು. ಹುಸಿ ಮಾತ್ರೆಯವರಲ್ಲಿ ಅದು ನೂರಕ್ಕೆ ಒಬ್ಬರಿಗೆ. ಡೋಸ್ ಹೆಚ್ಚಿದಂತೆ, ತಿಂಗಳು ಕಳೆದಂತೆ ಸಾಧ್ಯತೆ ಏರುತ್ತದೆ.

ಇಲ್ಲಿ ನಮ್ಮ ಭಾಷೆಯದೇ ಒಂದು ತೊಡಕಿದೆ. ಗಂಡಸರು ಸಂಕೋಚದಿಂದ "ಎದೆ ನೋವು ಸಾರ್" ಎನ್ನುತ್ತಾರೆ, ಇಸಿಜಿ ಆಗುತ್ತದೆ, ನಾರ್ಮಲ್ ಬರುತ್ತದೆ, ಮನೆಗೆ ಕಳಿಸುತ್ತಾರೆ. ಮಾತ್ರೆ ಮಾತ್ರ ಹಾಗೇ ನಡೆಯುತ್ತಿರುತ್ತದೆ. "ಮೊಲೆತೊಟ್ಟಿನ ಹಿಂದೆ ಮುಟ್ಟಿದರೆ ನೋವು, ಶರ್ಟು ತಾಗಿದರೂ ಆಗುವುದಿಲ್ಲ" ಎಂದು ಬಿಡಿಸಿ ಹೇಳಿದರೆ ಒಂದು ನಿಮಿಷದಲ್ಲಿ ಗೊತ್ತಾಗುವ ವಿಷಯ ಇದು. ಅಂಗಾತ ಮಲಗಿ ಹೆಬ್ಬೆರಳು ತೋರುಬೆರಳುಗಳನ್ನು ಎರಡು ಬದಿಯಿಂದ ಮೊಲೆತೊಟ್ಟಿನ ಕಡೆಗೆ ತಂದು ಹಗುರವಾಗಿ ಹಿಡಿದರೆ, ತೊಟ್ಟಿನ ನೇರ ಹಿಂದೆ ರಬ್ಬರಿನಂಥ ಬಿಲ್ಲೆ ಸಿಗುತ್ತದೆ. ಬರೀ ಕೊಬ್ಬಾದರೆ ಬೆರಳುಗಳು ತೊಟ್ಟಿನವರೆಗೂ ತಡೆಯಿಲ್ಲದೆ ಬಂದು ಸೇರುತ್ತವೆ. ಗಂಟು ಕಲ್ಲಿನಂತಿದ್ದರೆ, ತೊಟ್ಟಿನಿಂದ ಪಕ್ಕಕ್ಕಿದ್ದರೆ, ತೊಟ್ಟಿನಿಂದ ರಸವೋ ರಕ್ತವೋ ಬಂದರೆ, ಚರ್ಮ ಒಳಗೆ ಎಳೆದಿದ್ದರೆ ಅಥವಾ ಕಂಕುಳಲ್ಲಿ ಗಡ್ಡೆ ಇದ್ದರೆ ಮಾತ್ರೆಯ ಮೇಲೆ ತಪ್ಪು ಹೊರಿಸಿ ಸುಮ್ಮನಿರಬಾರದು. ಗಂಡಸರಿಗೂ ಸ್ತನ ಕ್ಯಾನ್ಸರ್ ಬರುತ್ತದೆ, ಪರೀಕ್ಷೆ ಆಗಲೇಬೇಕು.

ಈಗ ಎದುರಾಳಿಗಳು. ಎಪ್ಲೆರೆನೋನ್ ಅದೇ ಆಲ್ಡೋಸ್ಟಿರೋನಿನ ಜಾಗದಲ್ಲೇ ಕೂರುತ್ತದೆ, ಲೈಂಗಿಕ ಹಾರ್ಮೋನುಗಳ ತಂಟೆಗೆ ಹೋಗುವುದು ಬಹಳ ಕಡಿಮೆ. ಹೃದಯ ವೈಫಲ್ಯದ ರೋಗಿಗಳ ಮೇಲೆ ನಡೆದ 2011ರ ಎಂಫಸಿಸ್ ಅಧ್ಯಯನದಲ್ಲಿ ಮೊಲೆ ಊತದ ದೂರು ಹುಸಿ ಮಾತ್ರೆಯವರಿಗಿಂತ ಹೆಚ್ಚಿರಲಿಲ್ಲ. ಆದರೆ ಮಿಲಿಗ್ರಾಂ ಲೆಕ್ಕದಲ್ಲಿ ಅದರ ಬಲ ಸುಮಾರು ಅರ್ಧ: ಸ್ಪೈರೊನೊಲ್ಯಾಕ್ಟೋನ್ 25ಕ್ಕೆ ಬದಲು ಎಪ್ಲೆರೆನೋನ್ 50 ಬೇಕು. ಬೇಗ ದೇಹದಿಂದ ಹೋಗಿಬಿಡುವುದರಿಂದ ಬಿಪಿಗಾದರೆ ಬೆಳಿಗ್ಗೆ 25, ರಾತ್ರಿ 25 ಎಂದು ಒಡೆದು ಕೊಡುವುದು ಮೇಲು. "ಎಪ್ಲೆರೆನೋನ್ ಕೆಲಸ ಮಾಡಲಿಲ್ಲ" ಎಂಬ ದೂರಿನ ಹಿಂದೆ ದಿನಕ್ಕೊಂದೇ 25 ಕೊಟ್ಟದ್ದೂ ಒಂದು ಕಾರಣವಾಗಿರಬಹುದು. ಬೆಲೆಯೂ ಜಾಸ್ತಿ. ಕ್ಲಾರಿಥ್ರೊಮೈಸಿನ್, ಇಟ್ರಕೊನಜೋಲ್, ಕೀಟೊಕೊನಜೋಲ್ ಜೊತೆ ಅದನ್ನು ಕೊಡುವಂತಿಲ್ಲ, ಏಕೆಂದರೆ ಅದನ್ನು ಕರಗಿಸುವ ಯಕೃತ್ತಿನ ಕಿಣ್ವವನ್ನು ಇವು ತಡೆಯುತ್ತವೆ. ಹುಳುಕಡ್ಡಿಗೆಂದು ಚರ್ಮದ ವೈದ್ಯರು ಇಟ್ರಕೊನಜೋಲ್ ಬರೆಯುವಾಗ ಬಿಪಿ ಮಾತ್ರೆಯ ಚೀಟಿ ತೋರಿಸುವುದು ಇದಕ್ಕಾಗಿಯೇ.

ಪೊಟ್ಯಾಸಿಯಂ ವಿಷಯದಲ್ಲಿ ಎಪ್ಲೆರೆನೋನ್ ಸುರಕ್ಷಿತ ಎಂದುಕೊಳ್ಳುವುದು ದೊಡ್ಡ ತಪ್ಪು. ಅದೇ ಜಾಗ, ಅದೇ ತಡೆ, ಅದೇ ಅಪಾಯ. ಒಂದು ವ್ಯತ್ಯಾಸವಿದೆ, ಅದು ಉಪಯೋಗಕ್ಕೆ ಬರುವಂಥದ್ದು: ಸ್ಪೈರೊನೊಲ್ಯಾಕ್ಟೋನ್ ಒಳಗೆ ಹೋದ ಮೇಲೆ ಕ್ಯಾನ್ರೆನೋನ್ ಮುಂತಾದ ವಸ್ತುಗಳಾಗಿ ಬದಲಾಗಿ ಬಹಳ ಹೊತ್ತು ಉಳಿಯುತ್ತದೆ. ನಿಲ್ಲಿಸಿದ ಮೇಲೂ ಎರಡು ಮೂರು ದಿನ ಅದರ ಪ್ರಭಾವ ನಡೆದೇ ಇರುತ್ತದೆ. ಎಪ್ಲೆರೆನೋನ್ ಒಂದು ದಿನದಲ್ಲಿ ಹೆಚ್ಚುಕಡಿಮೆ ಖಾಲಿ.

ಅಮಿಲೋರೈಡ್ ಹಾರ್ಮೋನಿನ ಗೊಡವೆಗೇ ಹೋಗದೆ ನೇರವಾಗಿ ಸೋಡಿಯಂ ಒಳಬರುವ ದಾರಿಯನ್ನೇ ಮುಚ್ಚುತ್ತದೆ. ಮೊಲೆ ನೋವಿನ ಪ್ರಶ್ನೆಯೇ ಇಲ್ಲ. ಪಾತ್‌ವೇ-2ರ ಮುಂದುವರಿದ ಭಾಗದಲ್ಲಿ ದಿನಕ್ಕೆ 10ರಿಂದ 20 ಮಿಲಿಗ್ರಾಂ ಅಮಿಲೋರೈಡ್ ಬಿಪಿಯನ್ನು ಸ್ಪೈರೊನೊಲ್ಯಾಕ್ಟೋನಿನಷ್ಟೇ ಇಳಿಸಿತು. ಬಿಪಿಗೆ ಮಾತ್ರ ಮಾತ್ರೆ ಬೇಕಿರುವ ಗಂಡಸರಿಗೆ ಇದನ್ನು ಇಷ್ಟು ಕಡಿಮೆ ಬಳಸುತ್ತಿರುವುದು ನ್ಯಾಯವಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ತೊಡಕೆಂದರೆ ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಅದು ಹೆಚ್ಚಾಗಿ ಹೈಡ್ರೊಕ್ಲೋರೊಥಯಜೈಡ್ ಅಥವಾ ಫ್ಯೂರೊಸೆಮೈಡ್ ಜೊತೆ ಬೆರೆಸಿದ ಮಾತ್ರೆಯಾಗಿಯೇ ಸಿಗುತ್ತದೆ. ಈಗಾಗಲೇ ಕ್ಲೋರ್ಥಾಲಿಡೋನ್ ಇದ್ದವರಿಗೆ ಹಾಗೇ ಸೇರಿಸಿದರೆ ಮೂತ್ರದ ಮಾತ್ರೆ ಎರಡಾಗುತ್ತವೆ. ಪೊಟ್ಯಾಸಿಯಂ ಇದರಿಂದಲೂ ಏರುತ್ತದೆ. ಹೃದಯ ವೈಫಲ್ಯಕ್ಕೆಂದು ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುತ್ತಿರುವವರು ಅಮಿಲೋರೈಡಿಗೆ ಹೋಗಬಾರದು. ಅಲ್ಲಿ ಜೀವ ಉಳಿಸಿದ ಪುರಾವೆ ಇರುವುದು ಸ್ಪೈರೊನೊಲ್ಯಾಕ್ಟೋನ್ ಮತ್ತು ಎಪ್ಲೆರೆನೋನಿಗೆ. ಹೊಸದಾದ ಫಿನೆರೆನೋನ್ ಸಕ್ಕರೆ ಕಾಯಿಲೆಯಿಂದ ಕೆಟ್ಟ ಮೂತ್ರಪಿಂಡಕ್ಕೆ ಒಳ್ಳೆಯದು, ಆದರೆ ಅದು ಬಿಪಿ ಇಳಿಸುವುದು ಅಷ್ಟಕ್ಕಷ್ಟೆ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. 58 ವರ್ಷದ ಗಂಡಸು, ಮನೆ ಬಿಪಿ 156/94, ಪೊಟ್ಯಾಸಿಯಂ 4.1, ಕ್ರಿಯಾಟಿನಿನ್ 1.1. ಪೊಟ್ಯಾಸಿಯಂ 4.5ರ ಒಳಗಿರುವುದರಿಂದ ಸ್ಪೈರೊನೊಲ್ಯಾಕ್ಟೋನ್ ಶುರು ಮಾಡಬಹುದು. ಅದಕ್ಕಿಂತ ಮೇಲಿದ್ದಿದ್ದರೆ ಬಿಸೊಪ್ರೊಲಾಲ್ ಅಥವಾ ಡಾಕ್ಸಜೋಸಿನ್ ಕಡೆ ಹೋಗುವುದು ಬ್ರಿಟನ್ನಿನ ನೈಸ್ ಮಾರ್ಗಸೂಚಿಯ ದಾರಿ, ನನಗೂ ಅದೇ ಸರಿ. ಬೆಳಿಗ್ಗೆ ತಿಂಡಿಯ ಜೊತೆ 25 ಮಿಲಿಗ್ರಾಂ, ಆಹಾರದೊಂದಿಗೆ ಚೆನ್ನಾಗಿ ಹೀರಿಕೊಳ್ಳುತ್ತದೆ. ಒಂದು ವಾರಕ್ಕೆ ರಕ್ತ ಪರೀಕ್ಷೆ: ಪೊಟ್ಯಾಸಿಯಂ 4.6. ನಾಲ್ಕನೆಯ ವಾರ 4.9, ಕ್ರಿಯಾಟಿನಿನ್ 1.2, ಬಿಪಿ 138/86. ಇದು ನಿರೀಕ್ಷಿತ ಏರಿಕೆ, ಮುಂದುವರಿಸಬಹುದು, ಆದರೆ 50ಕ್ಕೆ ಏರಿಸುವ ಜಾಗ ಉಳಿದಿಲ್ಲ.

ಐದನೆಯ ತಿಂಗಳು ಎಡಗಡೆ ಮೊಲೆತೊಟ್ಟಿನ ಹಿಂದೆ ನೋವು, ಬಿಲ್ಲೆ ಸಿಗುತ್ತಿದೆ. ಈಗ ಎರಡು ದಾರಿ. ನೋವು ಸ್ವಲ್ಪವೇ ಇದ್ದರೆ ಮಾತ್ರೆ ಅರ್ಧ ಮಾಡಿ 12.5 ಕೊಟ್ಟು ನೋಡಬಹುದು. ಇಲ್ಲವಾದರೆ ಮರುದಿನವೇ ಎಪ್ಲೆರೆನೋನ್ 25 ಎರಡು ಹೊತ್ತು. ಈ ಎರಡನೆಯ ದಾರಿಯಲ್ಲೇ ಜನ ಎಡವುವುದು. ಹಳೆಯ ಮಾತ್ರೆಯ ಪ್ರಭಾವ ಇನ್ನೂ ಎರಡು ಮೂರು ದಿನ ಇದೆ, ಹೊಸದು ಮೇಲೆ ಬಂದು ಕೂತಿದೆ. ಆದ್ದರಿಂದ ಶುರುವಿನಲ್ಲಿ ಮಾಡಿದ ಹಾಗೆಯೇ ಒಂದು ವಾರಕ್ಕೆ, ನಾಲ್ಕು ವಾರಕ್ಕೆ ಪೊಟ್ಯಾಸಿಯಂ ಮತ್ತೆ ನೋಡಬೇಕು, ಆಮೇಲೆ ಮೂರು ತಿಂಗಳಿಗೊಮ್ಮೆ. ನೋವು ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಇಳಿಯುತ್ತದೆ, ಬಿಲ್ಲೆ ಕರಗಲು ತಿಂಗಳುಗಳು ಬೇಕು. ವರ್ಷಕ್ಕೂ ಹೆಚ್ಚು ಕಾಲ ಹಾಗೇ ಬಿಟ್ಟಿದ್ದರೆ ಅಂಗಾಂಶ ಗಟ್ಟಿಯಾಗಿ ಉಳಿದುಬಿಡಬಹುದು. ನಾಚಿಕೊಂಡು ಸುಮ್ಮನಿರಬಾರದು ಎನ್ನುವುದು ಇದಕ್ಕೇ.

ಪೊಟ್ಯಾಸಿಯಂ ಏರಿದರೆ ಸಾಮಾನ್ಯವಾಗಿ ಏನೂ ಗೊತ್ತಾಗುವುದಿಲ್ಲ, ಅದೇ ಅದರ ಕೆಟ್ಟತನ. ಕಾಲು ಸೋಲುವುದು, ನಾಡಿ ನಿಧಾನವಾಗುವುದು ಬರುವ ಹೊತ್ತಿಗೆ ತಡವಾಗಿರುತ್ತದೆ. ವರದಿಯಲ್ಲಿ 5.5 ದಾಟಿದರೆ ಡೋಸ್ ಅರ್ಧ, 6 ದಾಟಿದರೆ ಮಾತ್ರೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ, ಇಸಿಜಿಗೆ. ಆದರೆ ಚೆನ್ನಾಗಿದ್ದವರಿಗೆ ಇದ್ದಕ್ಕಿದ್ದಂತೆ 5.8 ಬಂದರೆ ರಕ್ತ ತೆಗೆದ ರೀತಿಯನ್ನೂ ಕೇಳಿ. ಪಟ್ಟಿ ಬಿಗಿದು ಮುಷ್ಟಿ ಹಿಂಡಿಸಿದರೆ, ರಕ್ತಕಣ ಒಡೆದಿದ್ದರೆ, ತಾಲ್ಲೂಕಿನ ಕಲೆಕ್ಷನ್ ಸೆಂಟರಿನಲ್ಲಿ ಸಂಗ್ರಹಿಸಿದ ಮಾದರಿ ಬೇರ್ಪಡಿಸದೆ ಸಂಜೆವರೆಗೆ ಕೂತಿದ್ದರೆ ಅಂಕಿ ಸುಳ್ಳಾಗಿ ಏರುತ್ತದೆ. ಅದೇ ದಿನ ಮತ್ತೊಮ್ಮೆ ಮುಷ್ಟಿ ಹಿಂಡದೆ ಕೊಟ್ಟು ನೋಡಬೇಕು, ಸುಳ್ಳಿರಬಹುದೆಂದು ಬಿಟ್ಟುಬಿಡಬಾರದು.

ಎಷ್ಟೋ ಸಲ ಏರಿಕೆಗೆ ಕಾರಣ ಈ ಮಾತ್ರೆಯಲ್ಲ, ಅದರ ಜೊತೆ ಸೇರಿದ್ದು. ಮಂಡಿ ನೋವಿಗೆ ತೆಗೆದುಕೊಂಡ ಡೈಕ್ಲೋಫೆನಾಕ್ ಅಥವಾ ಎಟೊರಿಕಾಕ್ಸಿಬ್. ಮೂತ್ರದ ಸೋಂಕಿಗೆ ಕೊಟ್ಟ ಕೋಟ್ರೈಮಾಕ್ಸಜೋಲ್: ಅದರಲ್ಲಿರುವ ಟ್ರೈಮೆಥೊಪ್ರಿಮ್ ಅಮಿಲೋರೈಡಿನಂತೆಯೇ ಕೆಲಸ ಮಾಡುತ್ತದೆ, ವಯಸ್ಸಾದವರಲ್ಲಿ ಈ ಜೋಡಿ ಪ್ರಾಣಕ್ಕೇ ಅಪಾಯ. "ಬಿಪಿಗೆ ಒಳ್ಳೆಯದು" ಎಂದು ಮನೆಗೆ ತಂದ ಕಡಿಮೆ ಸೋಡಿಯಂ ಉಪ್ಪು: ಅದರಲ್ಲಿ ಸೋಡಿಯಂ ಬದಲು ತುಂಬಿರುವುದೇ ಪೊಟ್ಯಾಸಿಯಂ ಕ್ಲೋರೈಡ್, ಪ್ಯಾಕೆಟ್ಟಿನ ಹಿಂಬದಿ ಓದಿ. ದಿನಕ್ಕೊಂದು ಎಳನೀರಿನ ರೂಢಿಯನ್ನೂ ವೈದ್ಯರಿಗೆ ಹೇಳಿ. ವಾಂತಿ ಭೇದಿ ಹಿಡಿದ ದಿನ ಈ ಮಾತ್ರೆ, ಟೆಲ್ಮಿಸಾರ್ಟಾನ್, ಕ್ಲೋರ್ಥಾಲಿಡೋನ್ ಮೂರನ್ನೂ ತಾತ್ಕಾಲಿಕವಾಗಿ ನಿಲ್ಲಿಸುವ ಬಗ್ಗೆ ಮೊದಲೇ ಮಾತಾಡಿಟ್ಟುಕೊಳ್ಳಿ. ನೀರು ಕಡಿಮೆಯಾಗಿ ಮೂತ್ರಪಿಂಡ ಸೋತಾಗಲೇ ಪೊಟ್ಯಾಸಿಯಂ ಹಾರುವುದು. ಊಟ ನೀರು ಸರಿಯಾದ ಒಂದೆರಡು ದಿನದ ಮೇಲೆ ಮತ್ತೆ ಶುರು ಮಾಡಬಹುದು.

ನನ್ನ ಆಯ್ಕೆ ಹೀಗೆ: ಪೊಟ್ಯಾಸಿಯಂ 4.5ರ ಒಳಗಿದ್ದರೆ ಗಂಡಸರಿಗೂ ಮೊದಲು ಸ್ಪೈರೊನೊಲ್ಯಾಕ್ಟೋನ್ 25. ಹತ್ತರಲ್ಲಿ ಒಂಬತ್ತು ಮಂದಿಗೆ ಮೊಲೆಯ ತೊಂದರೆ ಬರುವುದಿಲ್ಲ, ಬೆಲೆಯೂ ಕಡಿಮೆ. ನೋವು ಬಂದರೆ ಎಪ್ಲೆರೆನೋನ್ ಎರಡು ಹೊತ್ತು. ಖರ್ಚು ಕಷ್ಟವಾದರೆ, ಹೃದಯ ವೈಫಲ್ಯ ಇಲ್ಲದಿದ್ದರೆ, ಕ್ಲೋರ್ಥಾಲಿಡೋನ್ ತೆಗೆದು ಅಮಿಲೋರೈಡ್ ಬೆರೆಸಿದ ಮಾತ್ರೆ. ಪೊಟ್ಯಾಸಿಯಂ ಏರಿದವರಿಗೆ ಮಾತ್ರ ಈ ಮೂರರಲ್ಲಿ ಒಂದರಿಂದ ಇನ್ನೊಂದಕ್ಕೆ ಹಾರುವುದರಿಂದ ಏನೂ ಸಿಗುವುದಿಲ್ಲ. ಅವರಿಗೆ ಬೇಕಾದದ್ದು ಡಾಕ್ಸಜೋಸಿನ್ ಅಥವಾ ಬಿಸೊಪ್ರೊಲಾಲ್.